2,500 ಕೆ.ಜಿ. ಅಂದರೆ ಎರಡೂವರೆಯೋ, ಎರಡೂವರೆ ಸಾವಿರವೋ?

ಪ್ರಶ್ನೆ: ಪೀಣ್ಯದಲ್ಲಿ ಒಂದು ಸಣ್ಣ ಮಷೀನ್ ಶಾಪ್‌ನ ಲೆಕ್ಕ ನೋಡ್ಕೋತೀನಿ ಸರ್. ಜರ್ಮನಿಯಿಂದ ಬಂದ ಇನ್‌ವಾಯ್ಸ್‌ನಲ್ಲಿ ಪೇಸ್ಟ್‌ಗೆ 2,500 kg ಅಂತ ಇತ್ತು. ಎರಡು ಸಾವಿರದ ಐನೂರು ಅಂತ ಎಂಟ್ರಿ ಮಾಡಿದೆ. ಸ್ಟೋರ್ಸ್‌ನವರು ಬಂದಿರೋದು ಒಂದು ಸಣ್ಣ ಡಬ್ಬ ಅಂತಾರೆ. ಎಕ್ಸೆಲ್‌ಗೆ ಹಾಕಿದ್ರೆ ಒಟ್ಟು ಮೊತ್ತವೂ ತಾಳೆ ಆಗಲ್ಲ. ಸ್ವಿಟ್ಜರ್ಲೆಂಡ್, ಜಪಾನ್ ಬಿಲ್‌ಗಳು ಇನ್ನೊಂದು ಥರ ಇರ್ತವೆ. ಇವನ್ನೆಲ್ಲ ತಪ್ಪಿಲ್ಲದೆ ಓದೋದು ಹೇಗೆ?

ಉತ್ತರ: ಸ್ಟೋರ್ಸ್‌ನವರು ಹೇಳಿದ್ದೇ ಸರಿ. ನಿಮಗೆ ಬಂದಿರುವುದು ಎರಡೂವರೆ ಕೆ.ಜಿ. ಜರ್ಮನಿಯಲ್ಲಿ ಕಾಮಾ ಅಂದರೆ ನಮ್ಮ ದಶಮಾಂಶ ಚುಕ್ಕಿ. ಅವರ ಚುಕ್ಕಿ ಸಾವಿರ ಬಿಡಿಸುವ ಗುರುತು, ಅಂದರೆ ನಮ್ಮ ಕಾಮಾ. ಎರಡೂ ಪೂರ್ತಿ ಅದಲು ಬದಲು.

ಆದರೆ "ಜರ್ಮನಿ ಅಂದರೆ ಕಾಮಾ" ಎಂದು ಬಾಯಿಪಾಠ ಮಾಡಿಕೊಂಡರೆ ಸಾಲದು. ಜರ್ಮನಿಯ ಕಂಪನಿಯೇ ಹೊರದೇಶದ ಗಿರಾಕಿಗೆ ಇಂಗ್ಲಿಷ್ ಫಾರ್ಮ್‌ನಲ್ಲಿ ಬಿಲ್ ಮಾಡಿದಾಗ ಅಂಕಿಗಳನ್ನೂ ಇಂಗ್ಲಿಷ್ ಕ್ರಮದಲ್ಲಿ ಅಚ್ಚು ಹಾಕಬಹುದು. ಇಂಗ್ಲಿಷ್ ಪದಗಳ ನಡುವೆ ಜರ್ಮನ್ ಅಂಕಿ ಹಾಗೇ ಉಳಿಯುವುದೂ ಇದೆ. ಅವರ ಸಾಫ್ಟ್‌ವೇರ್‌ನಲ್ಲಿ ಈ ಕ್ರಮ ಒಂದು ಸೆಟಿಂಗ್ ಅಷ್ಟೇ. ಹೋದ ತಿಂಗಳಿನ ಬಿಲ್ ಹೀಗಿತ್ತು ಅಂತ ಈ ತಿಂಗಳಿನದೂ ಹಾಗೇ ಇರುತ್ತದೆ ಎಂದು ನಂಬಬೇಡಿ. ಪ್ರತಿ ಬಿಲ್ಲನ್ನೂ ಅದರೊಳಗಿನ ಸಾಕ್ಷಿಯಿಂದಲೇ ಓದಬೇಕು. ಅದಕ್ಕೆ ಎರಡು ನಿಮಿಷವೂ ಬೇಡ.

ನಿಮ್ಮ ಬಿಲ್ಲಿನಂಥದ್ದೇ ಒಂದನ್ನು ಇಟ್ಟುಕೊಂಡು ನೋಡೋಣ. ಈ ಅಂಕಿಗಳು ನಾನೇ ಮಾಡಿಕೊಂಡವು, ರೂಪ ಮಾತ್ರ ನಿಜವಾದ ಬಿಲ್ಲಿನದು.

```
Pos  Menge        Preis   PE    Betrag
1    1.200 Stück   4,35    1    5.220,00
2    2,500 kg     38,40    1       96,00
3    2.000 Stück  18,75  100      375,00
Summe                           5.691,00
Rabatt 3 %                       -170,73
Fracht                            185,00
Rechnungsbetrag EUR             5.705,27
```

ಎಡದಿಂದ ಸಾಲಿನ ಸಂಖ್ಯೆ, ಪ್ರಮಾಣ, ದರ, ದರದ ಘಟಕ, ಮೊತ್ತ. Stück ಅಂದರೆ ತುಂಡು. ಕೆಳಗೆ ಒಟ್ಟು, ರಿಯಾಯಿತಿ, ಸಾಗಣೆ ವೆಚ್ಚ, ಕೊನೆಗೆ ಕೊಡಬೇಕಾದ ಹಣ.

ಮೊದಲು ಕೆಳಗಿನಿಂದ ಓದಿ. ಚುಕ್ಕಿ, ಕಾಮಾ ಎರಡೂ ಇರುವ ಒಂದು ಅಂಕಿಯನ್ನು ಹುಡುಕಿ. ಇಲ್ಲಿ 5.705,27 ಇದೆ. ಎರಡೂ ಇದ್ದಾಗ ಬಲಗಡೆ ಕೊನೆಗೆ ಬರುವ ಗುರುತೇ ದಶಮಾಂಶ. ಯಾವ ದೇಶದ ಬಿಲ್ ಆದರೂ ಅಷ್ಟೇ, ಯಾಕೆಂದರೆ ದಶಮಾಂಶ ಆದ ಮೇಲೆ ಯಾರೂ ಸಾವಿರ ಬಿಡಿಸುವುದಿಲ್ಲ. ಹಾಗಾದರೆ ಈ ಬಿಲ್‌ನಲ್ಲಿ ಕಾಮಾ ದಶಮಾಂಶ, ಚುಕ್ಕಿ ಸಾವಿರ. ಇದು ಐದು ಸಾವಿರದ ಏಳುನೂರ ಐದು ಯೂರೋ, 27 ಸೆಂಟ್. ಬಿಲ್ಲಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ "ಕಾಮಾ = ದಶಮಾಂಶ" ಎಂದು ಬರೆದಿಡಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಎರಡೂ ಗುರುತಿರುವ ಅಂಕಿ ಸಿಗದಿದ್ದರೆ, ಗುರುತಿನ ಬಲಕ್ಕೆ ಎರಡೇ ಅಂಕಿ ಇರುವುದನ್ನು ನೋಡಿ. 96,00 ಅಂಥದ್ದು. ವಿದೇಶಿ ಬಿಲ್ಲಿನಲ್ಲಿ ಸಾವಿರದ ಗುರುತಿನ ಬಲಕ್ಕೆ ಯಾವಾಗಲೂ ಮೂರು ಅಂಕಿ ಇರುತ್ತವೆ. ಎರಡೇ ಇದ್ದರೆ ಅದು ದಶಮಾಂಶವೇ. ಹಾಗೆಯೇ 1.250.000 ಅಂತ ಒಂದೇ ಗುರುತು ಎರಡು ಸಲ ಬಂದರೆ ಅದು ಸಾವಿರದ್ದೇ. ಒಂದು ಅಂಕಿಯಲ್ಲಿ ಎರಡು ದಶಮಾಂಶ ಇರಲು ಸಾಧ್ಯವಿಲ್ಲ ಅಲ್ವಾ?

ನಿಜವಾಗಿ ಮೋಸ ಮಾಡುವುದು ಒಂದೇ ರೂಪ. ಒಂದೇ ಗುರುತು, ಅದರ ಬಲಕ್ಕೆ ಸರಿಯಾಗಿ ಮೂರು ಅಂಕಿ. 1.200, 2,500, 2.000. ನಿಮ್ಮ ತಪ್ಪು ಆಗಿರುವುದೂ ಇಲ್ಲೇ. ಇವನ್ನು ಎರಡು ರೀತಿಯಲ್ಲೂ ಓದಬಹುದು, ಎರಡೂ ಸರಿ ಅನ್ನಿಸುತ್ತದೆ. ತೂಕ, ಉದ್ದ, ಲೀಟರ್‌ನಂಥ ಪ್ರಮಾಣಗಳನ್ನು ಅನೇಕ ಸಾಫ್ಟ್‌ವೇರ್‌ಗಳು ಮೂರು ದಶಮಾಂಶ ಸ್ಥಾನದವರೆಗೆ ಅಚ್ಚು ಹಾಕುತ್ತವೆ, ಗ್ರಾಂ ತನಕ ಲೆಕ್ಕ ಇರಲಿ ಅಂತ. ಅದಕ್ಕೇ ಎರಡೂವರೆ ಕೆ.ಜಿ. 2,5 ಆಗದೆ 2,500 ಆಗುತ್ತದೆ. ಅದೇ ಬಿಲ್‌ನ ಮೊದಲ ಸಾಲಿನಲ್ಲಿ ಬಿಡಿ ಭಾಗಗಳ ಎಣಿಕೆ 1.200 ಅಂದರೆ ಸಾವಿರದ ಇನ್ನೂರು. ಒಂದೇ ಕಾಲಂ, ಒಂದರ ಕೆಳಗೆ ಒಂದು, ಒಂದು ಸಾವಿರದ ಮೇಲೆ, ಇನ್ನೊಂದು ಮೂರಕ್ಕಿಂತ ಕಡಿಮೆ.

ಮೊತ್ತದ ಕಾಲಂನಲ್ಲಿ ಈ ಅನುಮಾನ ಅಷ್ಟಾಗಿ ಬರುವುದಿಲ್ಲ. ಯೂರೋಗೆ, ಡಾಲರ್‌ಗೆ ಎರಡೇ ದಶಮಾಂಶ ಸ್ಥಾನ. ಹಾಗಾಗಿ ಒಟ್ಟು ಮೊತ್ತ 5.691 ಅಂತಿದ್ದರೆ ಅದು ಐದು ಸಾವಿರದ್ದೇ, ಐದು ಯೂರೋ ಚಿಲ್ಲರೆ ಅಲ್ಲ. ಆದರೆ ಬಿಡಿ ದರದ ಕಾಲಂನಲ್ಲಿ ಎಚ್ಚರ ಇರಲಿ. ವಾಷರ್, ಓ-ರಿಂಗ್, ಮೀಟರ್ ಲೆಕ್ಕದ ಸೀಲಿಂಗ್ ಹಗ್ಗ ಇಂಥವುಗಳ ದರಕ್ಕೆ ಮೂರು, ನಾಲ್ಕು ದಶಮಾಂಶ ಇರುವುದು ಮಾಮೂಲಿ.

ಅನುಮಾನ ಬಂದ ಸಾಲಿಗೆ ಗುಣಾಕಾರವೇ ತೀರ್ಪು. ಎರಡನೇ ಸಾಲಿನಲ್ಲಿ ಕೆ.ಜಿ.ಗೆ 38.40 ಯೂರೋ, ಮೊತ್ತ 96. ಎರಡೂವರೆ ಗುಣಿಸು 38.40 ಅಂದರೆ ಸರಿಯಾಗಿ 96. ಎರಡೂವರೆ ಸಾವಿರ ಕೆ.ಜಿ. ಆಗಿದ್ದರೆ 96,000 ಯೂರೋ ಆಗಬೇಕಿತ್ತು, ಇಡೀ ಬಿಲ್ಲೇ ಅಷ್ಟಿಲ್ಲ. ಮೊದಲ ಸಾಲು: 1200 ಗುಣಿಸು 4.35, ಬಂತು 5,220. ತಾಳೆ.

ಮೂರನೇ ಸಾಲಿಗೆ ಬಂದಾಗ ಸ್ವಲ್ಪ ನಿಲ್ಲಿ. 2000 ಗುಣಿಸು 18.75 ಅಂದರೆ 37,500. ಬಿಲ್ಲಿನಲ್ಲಿ 375 ಮಾತ್ರ ಇದೆ. ನೂರು ಪಟ್ಟು ವ್ಯತ್ಯಾಸ. ಇಲ್ಲಿ ಕಾಮಾ ತಪ್ಪಿಲ್ಲ. ಪಕ್ಕದ PE ಕಾಲಂ ನೋಡಿ, 100 ಅಂತಿದೆ. ದರ ಒಂದು ತುಂಡಿಗಲ್ಲ, ನೂರು ತುಂಡಿಗೆ. 2000 ಅಂದರೆ ಇಪ್ಪತ್ತು ನೂರು, ಇಪ್ಪತ್ತು ಗುಣಿಸು 18.75 ಅಂದರೆ 375. ಸಣ್ಣ ಬಿಡಿಭಾಗಗಳನ್ನು ನೂರಕ್ಕೆ, ಸಾವಿರಕ್ಕೆ ಇಷ್ಟು ಅಂತ ಮಾರುವುದು ಜರ್ಮನಿಯಲ್ಲಿ ಸಾಮಾನ್ಯ. ಇದನ್ನು ಗಮನಿಸದೆ "ಓಹೋ, 2.000 ಅಂದರೆ ಎರಡೇ ಇರಬೇಕು" ಅಂತ ಪ್ರಮಾಣವನ್ನೇ ತಿದ್ದಿದವರನ್ನು ನೋಡಿದ್ದೇನೆ. ಎರಡು ತುಂಡಿಗೆ 18.75ರಂತೆ ಲೆಕ್ಕ ಹಾಕಿದರೂ 37.50 ಆಗುತ್ತದೆಯೇ ಹೊರತು 375 ಬರುವುದಿಲ್ಲ. ದಶಮಾಂಶದ ತಪ್ಪು ಸಾವಿರ ಪಟ್ಟು ಅಥವಾ ನೂರು ಪಟ್ಟು ವ್ಯತ್ಯಾಸ ತರುತ್ತದೆ, ದರದ ಘಟಕವೂ ಹಾಗೇ ತರುತ್ತದೆ. ಹಾಗಾಗಿ ಒಂದು ಸಾಲು ತಾಳೆ ಆಗದಿದ್ದಾಗ ಕಾಮಾ ಮುಟ್ಟುವ ಮೊದಲು ಘಟಕದ ಕಾಲಂ ನೋಡಿ.

ಗುಣಾಕಾರವೂ ಕೈಕೊಡುವ ಒಂದು ಸಂದರ್ಭ ಇದೆ. ಪ್ರಮಾಣ 1, ದರ 1,250, ಮೊತ್ತ 1,250, ಬಿಲ್ಲಿನಲ್ಲಿ ಬೇರೆ ಸಾಲೇ ಇಲ್ಲ. ಒಂದರಿಂದ ಗುಣಿಸಿದರೆ ಏನೂ ಗೊತ್ತಾಗುವುದಿಲ್ಲ. ಆಗ ನಿಮ್ಮ ಪರ್ಚೇಸ್ ಆರ್ಡರ್, ಅವರ ಕೊಟೇಶನ್ ತೆಗೆದು ನೋಡಬೇಕು. ತೂಕದ ಅನುಮಾನಕ್ಕೆ ಪ್ಯಾಕಿಂಗ್ ಲಿಸ್ಟ್, ಏರ್‌ವೇ ಬಿಲ್ ಇವೆ. ಇಡೀ ಪಾರ್ಸೆಲ್ 40 ಕೆ.ಜಿ. ಇದ್ದರೆ ಅದರೊಳಗೆ 2500 ಕೆ.ಜಿ. ಪೇಸ್ಟ್ ಇರಲಾರದು.

ಈಗ ಎಕ್ಸೆಲ್. ನಿಮ್ಮ ಒಟ್ಟು ತಾಳೆ ಆಗದ್ದಕ್ಕೆ ಕಾರಣ ಇಲ್ಲಿದೆ. ನಮ್ಮ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ (ಭಾರತ) ಸೆಟಿಂಗ್ ಇರುತ್ತದೆ. ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸಿದಾಗ ಎಕ್ಸೆಲ್ ನಮ್ಮ ಕ್ರಮದಲ್ಲೇ ಓದುತ್ತದೆ. 1.200 ಅನ್ನು 1.2 ಮಾಡುತ್ತದೆ. 2,500 ಅನ್ನು 2500 ಮಾಡುತ್ತದೆ. 5.220,00 ಅದಕ್ಕೆ ಅರ್ಥವೇ ಆಗುವುದಿಲ್ಲ, ಅಕ್ಷರ ಅಂತ ಬಿಟ್ಟುಬಿಡುತ್ತದೆ. SUM ಹಾಕಿದರೆ ಅಕ್ಷರವಾಗಿ ಉಳಿದ ಸೆಲ್‌ಗಳನ್ನು ಸುಮ್ನೆ ದಾಟಿ ಹೋಗುತ್ತದೆ, ತಪ್ಪಿದೆ ಅಂತ ಹೇಳುವುದೂ ಇಲ್ಲ. ಹೀಗೆ ಮೊತ್ತಗಳೇ ಬಿಟ್ಟುಹೋಗಿ ಒಟ್ಟು ತಪ್ಪು ಬರುತ್ತದೆ. ಗುರುತಿಸುವುದು ಸುಲಭ: ನೀವು ಅಲೈನ್‌ಮೆಂಟ್ ಬದಲಿಸಿಲ್ಲದಿದ್ದರೆ ಅಂಕಿಗಳು ಸೆಲ್‌ನ ಬಲಕ್ಕೆ ನಿಲ್ಲುತ್ತವೆ, ಅಕ್ಷರ ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ಆ ಕಾಲಂ ಕೆಟ್ಟಿದೆ ಎಂದೇ ಅರ್ಥ.

ಸರಿ ಮಾಡುವ ಕ್ರಮ ಹೀಗೆ. ಅಂಟಿಸುವ ಮೊದಲೇ ಆ ಕಾಲಂಗಳನ್ನು Text ಫಾರ್ಮ್ಯಾಟ್‌ಗೆ ಬದಲಿಸಿ. ಆಮೇಲೆ ಬರೀ ಪಠ್ಯವಾಗಿ ಅಂಟಿಸಿ. ಬಿಲ್ಲಿನಲ್ಲಿ ಇದ್ದದ್ದು ಇದ್ದ ಹಾಗೇ ಕಾಣಬೇಕು, 1.200 ಅಂದರೆ 1.200 ಅಂತಲೇ. Stück, kg ಇಂಥ ಪದಗಳನ್ನು ಬೇರೆ ಕಾಲಂಗೆ ತೆಗೆಯಿರಿ. ಪಕ್ಕದಲ್ಲಿ Text ಅಲ್ಲದ, General ಫಾರ್ಮ್ಯಾಟ್‌ನ ಖಾಲಿ ಕಾಲಂನಲ್ಲಿ ಈ ಸೂತ್ರ ಹಾಕಿ:

```
=NUMBERVALUE(A2,",",".")
```

ಮೊದಲ ಉದ್ಧರಣೆಯೊಳಗೆ ದಶಮಾಂಶದ ಗುರುತು, ಎರಡನೆಯದರೊಳಗೆ ಸಾವಿರದ ಗುರುತು. 5.220,00 ಇದ್ದರೆ 5220 ಆಗುತ್ತದೆ, 2,500 ಇದ್ದರೆ 2.5 ಆಗುತ್ತದೆ. ಎಕ್ಸೆಲ್ 2013ರಿಂದ ಈಚೆಗಿನ ಎಲ್ಲ ಆವೃತ್ತಿಗಳಲ್ಲೂ ಇದು ಇದೆ.

"ಮೊದಲೇ" ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1.200 ಒಂದು ಸಲ 1.2 ಆಗಿ ಕೂತ ಮೇಲೆ ಇದೇ ಸೂತ್ರ ಹಾಕಿದರೆ ಏನಾಗುತ್ತದೆ ನೋಡಿ. ಅದು 1.2 ರಲ್ಲಿರುವ ಚುಕ್ಕಿಯನ್ನು ಸಾವಿರದ ಗುರುತು ಅಂತ ತೆಗೆದುಹಾಕಿ 12 ಕೊಡುತ್ತದೆ. ಸಾವಿರದ ಇನ್ನೂರೂ ಅಲ್ಲ, 1.2 ಕೂಡ ಅಲ್ಲ, ಮೂರನೆಯದೇ ಒಂದು ಅಂಕಿ. ಕಾಲಂ ನೋಡಲು ಚೆನ್ನಾಗೇ ಕಾಣುತ್ತದೆ, ಎಲ್ಲ ಬಲಕ್ಕೆ ನಿಂತಿರುತ್ತವೆ. ಹಾಗಾಗಿ ಕೆಟ್ಟ ಕಾಲಂನ ಮೇಲೆ ಸೂತ್ರ ಓಡಿಸಬೇಡಿ. ಅಳಿಸಿ, Text ಮಾಡಿ, ಮತ್ತೆ ಅಂಟಿಸಿ. ಕೊನೆಗೆ ಪ್ರಮಾಣ, ದರ, ಘಟಕದಿಂದ ನೀವೇ ಮೊತ್ತ ಲೆಕ್ಕ ಹಾಕಿ, ಬಿಲ್ಲಿನ ಮೊತ್ತದ ಜೊತೆ ವ್ಯತ್ಯಾಸ ಸೊನ್ನೆ ಬರುತ್ತದಾ ಅಂತ ಇನ್ನೊಂದು ಕಾಲಂ ಇಡಿ. ರೌಂಡಿಂಗ್‌ನಿಂದ ಒಂದೆರಡು ಸೆಂಟ್ ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ.

ಸ್ವಿಟ್ಜರ್ಲೆಂಡ್ ಬಿಲ್ಲಿನಲ್ಲಿ 1'234.50 ಅಂತ ಮೇಲೆ ಒಂದು ಸಣ್ಣ ಗೀಟು ಕಾಣುತ್ತದೆ. ಅದು ಸಾವಿರದ ಗುರುತು. ಹಣಕ್ಕೆ ಅವರ ದಶಮಾಂಶ ನಮ್ಮ ಹಾಗೆ ಚುಕ್ಕಿಯೇ. 1'500.– ಅಂತ ಕೊನೆಗೆ ಅಡ್ಡಗೆರೆ ಇದ್ದರೆ ಚಿಲ್ಲರೆ ಇಲ್ಲ ಎಂದರ್ಥ, ಋಣ ಚಿಹ್ನೆ ಅಲ್ಲ. ಫ್ರಾನ್ಸ್‌ನವರು ಸಾವಿರಕ್ಕೆ ಖಾಲಿ ಜಾಗ ಬಿಡುತ್ತಾರೆ, ದಶಮಾಂಶಕ್ಕೆ ಕಾಮಾ: 1 234,56. ಓದುವುದಕ್ಕೆ ಕಷ್ಟವಿಲ್ಲ, ಎಕ್ಸೆಲ್‌ನಲ್ಲಿ ಕಷ್ಟ. ಆ ಖಾಲಿ ಜಾಗ ಅನೇಕ ಸಲ ಸಾಮಾನ್ಯ ಸ್ಪೇಸ್ ಆಗಿರದೆ, ಸಾಲು ಮುರಿಯದಂತೆ ಹಿಡಿದಿಡುವ ವಿಶೇಷ ಸ್ಪೇಸ್ ಆಗಿರುತ್ತದೆ. ಅದನ್ನು ಮೊದಲು ತೆಗೆಯಬೇಕು:

```
=NUMBERVALUE(SUBSTITUTE(SUBSTITUTE(A2,UNICHAR(8239),""),CHAR(160),""),",",".")
```

ಇಟಲಿ, ಸ್ಪೇನ್, ನೆದರ್ಲೆಂಡ್ಸ್, ಟರ್ಕಿ, ಬ್ರೆಜಿಲ್, ಇಂಡೋನೇಷ್ಯಾ ಸಾಮಾನ್ಯವಾಗಿ ಜರ್ಮನಿಯ ಹಾಗೆ. ಬ್ರಿಟನ್, ಅಮೆರಿಕ, ಚೀನಾ, ಜಪಾನ್, ಕೊರಿಯಾ, ಸಿಂಗಾಪುರ ನಮ್ಮ ಹಾಗೆ ಚುಕ್ಕಿಯೇ ದಶಮಾಂಶ. ಆದರೆ ಅವರು ಮೂರು ಮೂರು ಅಂಕಿಗೇ ಬಿಡಿಸುತ್ತಾರೆ. 1,250,000 ನಮ್ಮ ಬರವಣಿಗೆಯಲ್ಲಿ 12,50,000, ಅಂದರೆ ಹನ್ನೆರಡೂವರೆ ಲಕ್ಷ. ಆತುರದಲ್ಲಿ ಮೊದಲ ಕಾಮಾ ನೋಡಿ "ಒಂದು ಕೋಟಿ" ಅಥವಾ "ಒಂದು ಲಕ್ಷ" ಅಂತ ಬಾಯಿಗೆ ಬಂದುಬಿಡುತ್ತದೆ. ಕಾಮಾ ಎಲ್ಲ ಅಳಿಸಿ, ಬಲದಿಂದ ಎಣಿಸಿ.

ಇನ್ನು ಹಣದ ಚಿಹ್ನೆ. ಅಂಕಿಯಲ್ಲಿ ಆಗುವ ತಪ್ಪು ಗುಣಾಕಾರದಲ್ಲಿ ಸಿಕ್ಕಿಬೀಳುತ್ತದೆ. ಚಿಹ್ನೆಯ ತಪ್ಪು ಅಲ್ಲಿ ಸಿಗುವುದಿಲ್ಲ, ಎಲ್ಲ ಸಾಲೂ ತಾಳೆ ಆಗಿರುತ್ತದೆ. ಅದಕ್ಕೇ ಇದಕ್ಕೆ ನಾನು ಹೆಚ್ಚು ಹೆದರುತ್ತೇನೆ.

ಹಿಂದೆ ನಾನು ಒಂದು ಕಾರ್ಖಾನೆಯ ಆಮದು ವಿಭಾಗದಲ್ಲಿದ್ದಾಗ ಸಿಂಗಾಪುರದ ಒಬ್ಬ ವ್ಯಾಪಾರಿಯ ಬಿಲ್ ಬಂತು. ಮೊತ್ತದ ಮುಂದೆ ಬರೀ $ ಇತ್ತು. ನಾವು ಅಮೆರಿಕದ ಡಾಲರ್ ಅಂತ, ಹಣ ಕಳಿಸಲು ಬ್ಯಾಂಕಿಗೆ ಟಿಟಿ ಅರ್ಜಿ ಕೊಟ್ಟೆವು. ಅದು ಸಿಂಗಾಪುರದ ಡಾಲರ್ ಆಗಿತ್ತು. ಜಾಸ್ತಿ ಹೋದ ಹಣ ವಾಪಸ್ ಬರಲು ಎರಡು ತಿಂಗಳು ಹಿಡಿಯಿತು. ಕೊಟೇಶನ್‌ನಲ್ಲಿ SGD ಅಂತ ಸ್ಪಷ್ಟವಾಗಿ ಬರೆದಿತ್ತು, ಯಾರೂ ತೆಗೆದು ನೋಡಿರಲಿಲ್ಲ.

$ ಎಂಬ ಚಿಹ್ನೆ ಅಮೆರಿಕ, ಸಿಂಗಾಪುರ, ಹಾಂಗ್‌ಕಾಂಗ್, ಆಸ್ಟ್ರೇಲಿಯಾ, ಕೆನಡಾ, ತೈವಾನ್ ಎಲ್ಲಕ್ಕೂ ಒಂದೇ. kr ಅಂದರೆ ಸ್ವೀಡನ್‌ನದೂ ಆಗಬಹುದು, ನಾರ್ವೆಯದೂ, ಡೆನ್ಮಾರ್ಕ್‌ನದೂ ಆಗಬಹುದು. ¥ ಜಪಾನಿನ ಯೆನ್‌ಗೂ ಚೀನಾದ ಯುವಾನ್‌ಗೂ ಒಂದೇ. ಹಾಗಾಗಿ ಚಿಹ್ನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. USD, SGD, SEK, JPY, CNY ಎಂಬ ಮೂರಕ್ಷರದ ಕೋಡ್ ಬಿಲ್ಲಿನಲ್ಲಿ ಎಲ್ಲಾದರೂ ಇದೆಯಾ ನೋಡಿ, ದರದ ಕಾಲಂನ ತಲೆಯಲ್ಲೋ, ಒಟ್ಟಿನ ಪಕ್ಕದಲ್ಲೋ, ಪಾವತಿಯ ನಿಯಮದಲ್ಲೋ. ಕೋಡ್ ಇಲ್ಲದಿದ್ದರೆ ಪರ್ಚೇಸ್ ಆರ್ಡರ್ ನೋಡಿ, ಆದರೂ ಪೂರೈಕೆದಾರರಿಂದ ಕೋಡ್ ಹಾಕಿದ ಬಿಲ್ ತರಿಸಿಕೊಳ್ಳಿ. ಕಸ್ಟಮ್ಸ್‌ಗೂ ಬ್ಯಾಂಕಿಗೂ ಹೋಗುವುದು ಇದೇ ಕಾಗದ.

ಯೆನ್ ವಿಷಯದಲ್ಲಿ ಇನ್ನೂ ಒಂದು ಮಾತು. ಯೆನ್‌ಗೆ ಪೈಸೆಯಂಥ ಚಿಲ್ಲರೆ ಇಲ್ಲ. ಜಪಾನಿನ ಬಿಲ್ಲಿನಲ್ಲಿ ¥385,000 ಇದ್ದರೆ ಅದು ಮೂರು ಲಕ್ಷದ ಎಂಬತ್ತೈದು ಸಾವಿರ ಯೆನ್, ಅಂಕಿಯನ್ನು ಬೇರೆ ರೀತಿ ಓದುವ ದಾರಿಯೇ ಇಲ್ಲ. ಆದರೆ ಆಮದಿಗೆ ನಮ್ಮ ಕಸ್ಟಮ್ಸ್‌ನವರು ಪ್ರಕಟಿಸುವ ವಿನಿಮಯ ದರಪಟ್ಟಿಯಲ್ಲಿ ಯೆನ್‌ನ ದರ ಒಂದಕ್ಕಲ್ಲ, ನೂರಕ್ಕೆ ಇರುತ್ತದೆ. ಕೊರಿಯಾದ ವಾನ್‌ಗೂ ಹಾಗೇ. ಲೆಕ್ಕಕ್ಕೆ ಸುಲಭ ಆಗಲಿ ಅಂತ ನೂರು ಯೆನ್‌ಗೆ 60 ರೂಪಾಯಿ ಎಂದು ಇಟ್ಟುಕೊಳ್ಳಿ. 385,000 ಯೆನ್‌ಗೆ 2,31,000 ರೂಪಾಯಿ ಆಯಿತು. ನೂರರಿಂದ ಭಾಗಿಸುವುದು ಮರೆತರೆ ಎರಡು ಕೋಟಿ 31 ಲಕ್ಷ. ಅದೇ ಬಿಲ್ಲನ್ನು ಯುವಾನ್ ಅಂತ ಓದಿ, ಯುವಾನ್‌ಗೆ 12 ರೂಪಾಯಿ ಹಿಡಿದರೆ 46,20,000. ನೂರು ಪಟ್ಟು ತಪ್ಪು ಕಣ್ಣಿಗೆ ಹೊಡೆಯುತ್ತದೆ. ಇಪ್ಪತ್ತು ಪಟ್ಟು ತಪ್ಪು ಒಂದು ದೊಡ್ಡ ಯಂತ್ರದ ಬಿಲ್ಲಿನಲ್ಲಿ ನುಸುಳಿಕೊಂಡು ಹೋಗಬಹುದು.

ಕೊಲ್ಲಿ ದೇಶಗಳ ಜೊತೆ ವ್ಯವಹಾರ ಇರುವ ಮಂಗಳೂರು, ಉಡುಪಿ ಕಡೆಯವರಿಗೆ ಇದು ಗೊತ್ತಿರುತ್ತದೆ: ಕುವೈತ್, ಬಹರೇನ್ ದಿನಾರ್ ಮತ್ತು ಒಮಾನಿ ರಿಯಾಲ್‌ಗೆ ಮೂರು ದಶಮಾಂಶ ಸ್ಥಾನ, ಒಂದಕ್ಕೆ ಸಾವಿರ ಚಿಲ್ಲರೆ. KWD 1.250 ಅಂದರೆ ಒಂದೂಕಾಲು ದಿನಾರ್. ಮೊತ್ತದ ಕಾಲಂನಲ್ಲಿ ಮೂರು ಅಂಕಿ ಇದ್ದರೆ ಸಾವಿರವೇ ಎಂದು ಮೇಲೆ ಹೇಳಿದೆನಲ್ಲ, ಆ ಮಾತು ಈ ಹಣಗಳಿಗೆ ನಡೆಯುವುದಿಲ್ಲ.

ಈಗ ನೀವು ಮಾಡಿದ ಎಂಟ್ರಿ. ಅದು ನಿಮ್ಮ ಸ್ಟಾಕ್ ಪುಸ್ತಕದಲ್ಲಿ ಮಾತ್ರ ಇದ್ದರೆ ಇವತ್ತೇ ತಿದ್ದಿ, ಬಿಲ್ಲಿನ ಪ್ರತಿಯ ಮೇಲೆ ಗುಣಾಕಾರ ಬರೆದು ಜೊತೆಗೆ ಇಡಿ. ಆದರೆ ಇದೇ 2500 ನಿಮ್ಮಿಂದ ಕಸ್ಟಮ್ಸ್ ಕೆಲಸ ನೋಡಿಕೊಳ್ಳುವ ಏಜೆಂಟ್, ಅಂದರೆ ಸಿಎಚ್‌ಎ ಕಡೆಗೆ ಹೋಗಿ, ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲೂ ಸೇರಿದೆಯಾ ಅಂತ ಮೊದಲು ನೋಡಿ. ಸೇರಿದ್ದರೆ ಸುಮ್ಮನಿರಬೇಡಿ. ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ತಿದ್ದುಪಡಿಗೆ ಅರ್ಜಿ ಹಾಕಬಹುದು. ಸರಕು ಬಿಡುಗಡೆ ಆದ ಮೇಲೆ ತಿದ್ದಬೇಕಾದರೆ, ಬಿಡುಗಡೆಯ ದಿನ ಆಗಲೇ ಇದ್ದ ದಾಖಲೆಯ ಆಧಾರ ಬೇಕು. ನಿಮ್ಮ ಹತ್ತಿರ ಅದು ಇದೆ: ಅದೇ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಏರ್‌ವೇ ಬಿಲ್. ಪೇಸ್ಟ್‌ನ ಸಾಲಿನ ದರವನ್ನೂ ಮೊತ್ತವನ್ನೂ ಗುರುತು ಮಾಡಿ, ನಮ್ಮ ಉದಾಹರಣೆಯಲ್ಲಿ ಎರಡೂವರೆ ಗುಣಿಸು 38.40 ಅಂದರೆ 96 ಇದ್ದ ಹಾಗೆ, ನಿಮ್ಮ ಬಿಲ್ಲಿನ ಗುಣಾಕಾರವನ್ನು ಒಂದು ಸಾಲು ಬರೆದು ಕೊಡಿ.

ಮುಂದಿನ ಸಲ ಸಿಎಚ್‌ಎಗೆ, ಬ್ಯಾಂಕಿಗೆ ಬರೆಯುವಾಗ ಸಾವಿರದ ಗುರುತನ್ನೇ ಹಾಕಬೇಡಿ. ಕೋಡ್ ಮುಂದೆ, ದಶಮಾಂಶಕ್ಕೆ ಮಾತ್ರ ಚುಕ್ಕಿ: EUR 5705.27. ಕೆಳಗೆ ಅಕ್ಷರದಲ್ಲೂ ಮೊತ್ತ ಬರೆಯಿರಿ. ತೂಕವನ್ನು 2.5 ಕೆ.ಜಿ. ಎಂದೇ ಬರೆಯಿರಿ, ಕೊನೆಯ ಎರಡು ಸೊನ್ನೆ ಬಿಟ್ಟುಬಿಡಿ.